ಫೇಲಾದರೆ ಮತ್ತೆ ಯಾವಾಗ ಬರೆಯಬಹುದು, ಎಷ್ಟು ಖರ್ಚು? ಎಡಬ್ಲ್ಯೂಎಸ್, ಅಜೂರ್, ಗೂಗಲ್ ಕ್ಲೌಡ್, ಸಿಕೆಎ ಹೋಲಿಕೆ

ಕ್ಲೌಡ್ ಸರ್ಟಿಫಿಕೇಶನ್ ಮಾಡಬೇಕು ಅಂತ ಹೊರಟವರು ಮೊದಲು ಸಿಲಬಸ್ ನೋಡುತ್ತಾರೆ, ಆಮೇಲೆ ಫೀಸು ನೋಡುತ್ತಾರೆ. ಫೇಲಾದರೆ ಏನು ನಿಯಮ ಅನ್ನುವುದನ್ನು ಮಾತ್ರ ಫೇಲಾದ ದಿನ ರಾತ್ರಿ ಕೂತು ಹುಡುಕುತ್ತಾರೆ. ಅಷ್ಟು ಹೊತ್ತಿಗೆ ವೋಚರ್ ಮುಗಿದಿರುತ್ತದೆ, ಇಲ್ಲವೇ ಕಂಪನಿ ಕೊಟ್ಟ ಗಡುವಿಗೆ ಹತ್ತೇ ದಿನ ಉಳಿದಿರುತ್ತದೆ. ಒಂದೇ ಪರೀಕ್ಷೆಯಲ್ಲಿ ಪಾಸಾಗುತ್ತೇನೆ ಅಂತ ಖಾತ್ರಿ ಇರುವವರಿಗೆ ಈ ಬರಹ ಬೇಡ. ಉಳಿದವರು ಮೊದಲ ಬುಕಿಂಗ್‌ಗೆ ಮುಂಚೆಯೇ ಓದಿಕೊಳ್ಳಿ. ಯಾಕೆಂದರೆ ಎರಡನೇ ಪ್ರಯತ್ನ ಯಾವಾಗ ಸಿಗುತ್ತದೆ, ಅದಕ್ಕೆ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ ಮೊದಲ ಪ್ರಯತ್ನದ ತಾರೀಖು ನಿಲ್ಲಬೇಕು.

ಸರ್ಟಿಫಿಕೇಶನ್ ಲೋಕ ದೊಡ್ಡದು. ಇಲ್ಲಿ ನಮ್ಮ ಐಟಿ ಹುಡುಗರು ಹುಡುಗಿಯರು ಜಾಸ್ತಿ ಬರೆಯುವ ನಾಲ್ಕನ್ನು ಮಾತ್ರ ಹೋಲಿಸಿದ್ದೇನೆ: ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್ ಅಜೂರ್, ಗೂಗಲ್ ಕ್ಲೌಡ್, ಮತ್ತು ಕುಬರ್ನೆಟೀಸ್‌ನ ಸಿಕೆಎ. ನಾಲ್ಕರ ನಿಯಮಗಳೂ ಬೇರೆ ಬೇರೆ. ಫೀಸು ಆಗಾಗ ಏರುತ್ತದೆ, ಹಾಗಾಗಿ ಇಲ್ಲಿರುವ ಮೊತ್ತವನ್ನು ಅಂದಾಜಿಗೆ ಇಟ್ಟುಕೊಂಡು ದುಡ್ಡು ಕಟ್ಟುವ ಪುಟದಲ್ಲಿ ಇನ್ನೊಮ್ಮೆ ನೋಡಿ.

ಎಡಬ್ಲ್ಯೂಎಸ್: ಎಷ್ಟು ಸಲ ಬೇಕಾದರೂ ಬರೆಯಿರಿ, ಪ್ರತಿ ಸಲ ಪೂರ್ತಿ ಕಟ್ಟಿ

ಎಡಬ್ಲ್ಯೂಎಸ್ ನಿಯಮ ಬಹಳ ನೇರ. ಫೇಲಾದರೆ 14 ದಿನ ಕಾಯಬೇಕು. ಎರಡನೇ ಸಲ ಫೇಲಾದರೂ 14 ದಿನ, ಐದನೇ ಸಲ ಫೇಲಾದರೂ ಅಷ್ಟೇ. ಇಷ್ಟೇ ಸಲ ಬರೆಯಬಹುದು ಅಂತ ಮಿತಿ ಇಲ್ಲ. ಆದರೆ ಪ್ರತಿ ಸಲ ಫೀಸು ಪೂರ್ತಿ. ಅಸೋಸಿಯೇಟ್ ಮಟ್ಟಕ್ಕೆ, ಅಂದರೆ SAA-C03 ತರಹದ ಪರೀಕ್ಷೆಗೆ, 150 ಡಾಲರ್. ಭಾರತದಲ್ಲಿ ಇದರ ಮೇಲೆ 18% ಜಿಎಸ್‌ಟಿ ಬಂದು 177 ಡಾಲರ್ ಆಗುತ್ತದೆ. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ ಒಂದು ಸಲಕ್ಕೆ ಸುಮಾರು 16 ಸಾವಿರ, ಎರಡು ಸಲಕ್ಕೆ 32 ಸಾವಿರ. ಪ್ರೊಫೆಷನಲ್ ಮಟ್ಟಕ್ಕೆ ಹೋದರೆ ಮೂಲ ಫೀಸೇ 300 ಡಾಲರ್, ಅಂದರೆ ಎಲ್ಲವೂ ಇದರ ಎರಡರಷ್ಟು.

14 ದಿನ ಅಂದಾಗ ಎರಡು ವಾರ ಓದಲು ಸಿಕ್ಕಿತು ಅನ್ನಿಸುತ್ತದೆ, ಅಲ್ವಾ? ಪೂರ್ತಿ ಸಿಗುವುದಿಲ್ಲ. ಎಡಬ್ಲ್ಯೂಎಸ್ ಫಲಿತಾಂಶ ಕೊಡಲು 5 ಕೆಲಸದ ದಿನಗಳವರೆಗೆ ತೆಗೆದುಕೊಳ್ಳಬಹುದು. ಕಾಯುವ ಲೆಕ್ಕ ಪರೀಕ್ಷೆಯ ದಿನದಿಂದಲೇ ಶುರುವಾಗುತ್ತದೆ, ನಿಜ. ಆದರೆ ಯಾವ ಭಾಗದಲ್ಲಿ ಸೋತಿರಿ ಅಂತ ಗೊತ್ತಾಗುವುದು ರಿಪೋರ್ಟ್ ಬಂದ ಮೇಲೆ ತಾನೇ? ಗುರಿ ಇಟ್ಟು ಓದಲು ಉಳಿಯುವುದು ಎಂಟು ಹತ್ತು ದಿನ.

ಆ ರಿಪೋರ್ಟ್ ಓದುವುದರಲ್ಲೂ ಒಂದು ಸೂಕ್ಷ್ಮ ಇದೆ. ಅಂಕ 100ರಿಂದ 1000ದೊಳಗೆ ಬರುತ್ತದೆ, ಅಸೋಸಿಯೇಟ್ ಪಾಸಾಗಲು 720 ಬೇಕು. 720 ಅಂದರೆ 72% ಉತ್ತರ ಸರಿ ಅಂತ ಅಲ್ಲ, ಪ್ರಶ್ನೆಪತ್ರಿಕೆಯ ಕಷ್ಟಕ್ಕೆ ಹೊಂದಿಸಿ ಮಾಡಿದ ಅಂಕ ಅದು. 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸುತ್ತಿರುವ ಪ್ರಶ್ನೆಗಳು, ಮತ್ತು ಅವು ಯಾವುವು ಅಂತ ನಿಮಗೆ ಗೊತ್ತಾಗುವುದಿಲ್ಲ. ರಿಪೋರ್ಟಿನ ಕೆಳಗೆ ಪ್ರತಿ ಭಾಗದ ಎದುರು "Meets Competencies" ಅಥವಾ "Needs Improvement" ಅಂತ ಇರುತ್ತದೆ. ಪ್ರತಿ ಭಾಗದಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕಿಲ್ಲ, ಒಟ್ಟು ಅಂಕ ಸಾಕು. ಆದರೆ ಭಾಗಗಳ ತೂಕ ಒಂದೇ ಅಲ್ಲ. SAA-C03ಯಲ್ಲಿ ಭದ್ರತೆಯ ಭಾಗಕ್ಕೆ 30%, ಖರ್ಚು ಉಳಿಸುವ ವಿನ್ಯಾಸಕ್ಕೆ 20%. ಎರಡರಲ್ಲೂ "Needs Improvement" ಬಂದಿದ್ದರೆ ಭದ್ರತೆಯಿಂದ ಶುರು ಮಾಡಿ. 700ರ ಆಸುಪಾಸಿನಲ್ಲಿ ನಿಂತವರಿಗೆ 14 ದಿನ ಸಾಕು. 600ರ ಕೆಳಗೆ ನಿಂತವರು 14ನೇ ದಿನವೇ ಬುಕ್ ಮಾಡುವುದು ಸುಮ್ನೆ 16 ಸಾವಿರ ಸುರಿದಂತೆ. ಅಲ್ಲಿ ನಿಮ್ಮನ್ನು ತಡೆಯುವ ನಿಯಮ ಯಾವುದೂ ಇಲ್ಲ, ನೀವೇ ತಡೆದುಕೊಳ್ಳಬೇಕು.

ಇನ್ನು ಅರ್ಧ ಬೆಲೆಯ ಕೂಪನ್ ವಿಷಯ. ಎಡಬ್ಲ್ಯೂಎಸ್‌ನ ಒಂದು ಪರೀಕ್ಷೆ ಪಾಸಾದರೆ ಮುಂದಿನ ಪರೀಕ್ಷೆಗೆ 50% ರಿಯಾಯಿತಿ ಸಿಗುತ್ತದೆ. 100 ಡಾಲರಿನ ಕ್ಲೌಡ್ ಪ್ರಾಕ್ಟೀಷನರ್ ಬರೆದು, ಆ ರಿಯಾಯಿತಿಯಲ್ಲಿ ಅಸೋಸಿಯೇಟನ್ನು 75ಕ್ಕೆ ಬರೆಯುವವರು ಬಹಳ. ಲೆಕ್ಕ ಚೆನ್ನಾಗಿದೆ. ಆದರೆ ಕೂಪನ್ ಒಂದೇ ಸಲಕ್ಕೆ. ಅದನ್ನು ಹಾಕಿ ಬರೆದು ಫೇಲಾದರೆ ಎರಡನೇ ಪ್ರಯತ್ನಕ್ಕೆ ಪೂರ್ತಿ 150. ಅದಕ್ಕೇ ನಾನು ಹೇಳುವುದು, ಅದನ್ನು ಮುನ್ನೂರು ಡಾಲರಿನ ಪ್ರೊಫೆಷನಲ್ ಪರೀಕ್ಷೆಗೆ ಇಟ್ಟುಕೊಂಡರೆ 150 ಡಾಲರ್ ಉಳಿಯುತ್ತದೆ, ಅಸೋಸಿಯೇಟ್‌ಗೆ ಖರ್ಚು ಮಾಡಿದರೆ 75 ಮಾತ್ರ. ಪ್ರೊಫೆಷನಲ್ ಬರೆಯುವ ಯೋಚನೆಯೇ ಇಲ್ಲದವರು ಬೇಕಾದಂತೆ ಬಳಸಿ.

ಕೆಲವೊಮ್ಮೆ ಎಡಬ್ಲ್ಯೂಎಸ್ "ಫೇಲಾದರೆ ಎರಡನೇ ಸಲ ಉಚಿತ" ಅನ್ನುವ ಕೊಡುಗೆ ಬಿಡುತ್ತದೆ. ಇಂಥದ್ದು ಸಿಕ್ಕರೆ ಎರಡು ವಿಷಯ ಗಮನಿಸಿ. ಕೋಡನ್ನು ಮೊದಲ ಬುಕಿಂಗ್‌ನಲ್ಲೇ ಹಾಕಬೇಕಾ, ಮತ್ತು ಎರಡನೇ ಪರೀಕ್ಷೆ ಯಾವ ತಾರೀಖಿನೊಳಗೆ ಮುಗಿಯಬೇಕು. ಆ ಕೊನೆಯ ತಾರೀಖಿಗೆ ಹತ್ತು ದಿನ ಮೊದಲು ಮೊದಲ ಸಲ ಬರೆಯಲು ಕೂತರೆ, 14 ದಿನದ ನಿಯಮದಿಂದಾಗಿ ಉಚಿತದ್ದು ಕೈಗೆ ಸಿಗುವುದೇ ಇಲ್ಲ.

ಅಜೂರ್: ಮರುದಿನವೇ ಇನ್ನೊಂದು ಅವಕಾಶ, ಆದರೆ ವರ್ಷಕ್ಕೆ ಐದೇ

ಮೈಕ್ರೋಸಾಫ್ಟ್‌ನಲ್ಲಿ ಮೊದಲ ಸಲ ಫೇಲಾದರೆ 24 ಗಂಟೆ ಕಾದರೆ ಸಾಕು. ಎರಡನೇ ಸಲವೂ ಆಗಲಿಲ್ಲ ಅಂದರೆ ಅಲ್ಲಿಂದ ಮುಂದೆ ಪ್ರತಿ ಸಲ 14 ದಿನ. ಮೊದಲ ಪ್ರಯತ್ನದಿಂದ 12 ತಿಂಗಳೊಳಗೆ ಒಂದೇ ಪರೀಕ್ಷೆಯನ್ನು ಐದು ಸಲಕ್ಕಿಂತ ಜಾಸ್ತಿ ಬರೆಯುವಂತಿಲ್ಲ. ಐದೂ ಹೋದರೆ ಮೊದಲ ಪ್ರಯತ್ನದ ತಾರೀಖಿಗೆ ವರ್ಷ ತುಂಬುವವರೆಗೆ ಕಾಯಬೇಕು. ಇಲ್ಲೂ ಪ್ರತಿ ಸಲ ಫೀಸು ಕಟ್ಟಲೇಬೇಕು. ಆದರೆ ಮೈಕ್ರೋಸಾಫ್ಟ್ ದೇಶಕ್ಕೆ ತಕ್ಕಂತೆ ದರ ಇಡುತ್ತದೆ. ಅಸೋಸಿಯೇಟ್ ಮಟ್ಟದ AZ-104 ಪರೀಕ್ಷೆಗೆ ಅಮೆರಿಕದಲ್ಲಿ 165 ಡಾಲರ್, ಭಾರತದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಎಡಬ್ಲ್ಯೂಎಸ್ ಒಂದು ಸಲ ಬರೆಯುವ ದುಡ್ಡಿನಲ್ಲಿ ಇದನ್ನು ಎರಡು ಸಲ ಬರೆಯಬಹುದು. ನಾಲ್ಕರಲ್ಲಿ ಫೇಲಾಗಲು ಅಗ್ಗ ಯಾವುದು ಅಂತ ಕೇಳಿದರೆ ಕಣ್ಣುಮುಚ್ಚಿ ಇದನ್ನೇ ತೋರಿಸುತ್ತೇನೆ. ಒಂದೇ ಎಚ್ಚರಿಕೆ, ಕೆನಡಾದಲ್ಲೋ ದುಬೈನಲ್ಲೋ ಇರುವವರಿಗೆ ಈ ದರ ಸಿಗುವುದಿಲ್ಲ, ಪರೀಕ್ಷೆ ಬರೆಯುವ ದೇಶದ ದರವೇ ಲೆಕ್ಕ.

24 ಗಂಟೆಯ ನಿಯಮ ಕೆಲವರಿಗೆ ಒಳ್ಳೆಯದು, ಕೆಲವರಿಗೆ ಬಲೆ. ಅಂಕ ಪರೀಕ್ಷೆ ಮುಗಿದ ತಕ್ಷಣ ಪರದೆಯ ಮೇಲೇ ಬರುತ್ತದೆ, ಪಾಸಾಗಲು 700. 680 ಬಂದು, ಸೋತಿದ್ದು ಸಮಯ ಸಾಲದೆ ಅಂತ ನಿಮಗೇ ಗೊತ್ತಿದ್ದರೆ ಮರುದಿನ ಅಥವಾ ಆ ವಾರವೇ ಬರೆದುಬಿಡಿ, ತಲೆಯಲ್ಲಿ ಎಲ್ಲ ಬಿಸಿಯಾಗಿಯೇ ಇರುತ್ತದೆ. ಇಂಥವರು ನಿಜಕ್ಕೂ ಇರುತ್ತಾರೆ. 2023ರಿಂದ ಅಸೋಸಿಯೇಟ್ ಮತ್ತು ಅದರ ಮೇಲಿನ ಪರೀಕ್ಷೆಗಳಲ್ಲಿ ಮೈಕ್ರೋಸಾಫ್ಟ್ ಲರ್ನ್ ತಾಣವನ್ನು ಪರೀಕ್ಷೆಯ ನಡುವೆಯೇ ತೆರೆದು ನೋಡಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ, ಅದಕ್ಕೆಂದು ಹೆಚ್ಚಿನ ಸಮಯವೂ ಇಲ್ಲ. ಎಲ್ಲ ಪ್ರಶ್ನೆಗೂ ಹುಡುಕುತ್ತಾ ಕೂತು ಕೊನೆಯ ಕೇಸ್ ಸ್ಟಡಿಗೆ ಸಮಯವೇ ಉಳಿಯದೆ ಹೋದವರಿಗೆ ಬೇಕಿರುವುದು ಓದು ಅಲ್ಲ, ಶಿಸ್ತು.

ಅದೇ 540 ಬಂದಿದ್ದರೆ ಮರುದಿನ ಬರೆದು ಪ್ರಯೋಜನ ಇಲ್ಲ. ದುಡ್ಡು ಹೋಗುವುದಷ್ಟೇ ಅಲ್ಲ, 24 ಗಂಟೆಯ ಆ ಸುಲಭದ ಅವಕಾಶವೂ ಹೋಗುತ್ತದೆ, ಐದರಲ್ಲಿ ಒಂದು ಕಡಿಮೆಯೂ ಆಗುತ್ತದೆ. ಎರಡನೇ ಪ್ರಯತ್ನವನ್ನು ಬೇಕಾದಷ್ಟು ದಿನ ಮುಂದೆ ತಳ್ಳಬಹುದು, ಯಾರೂ ಅವಸರ ಮಾಡುವುದಿಲ್ಲ. ರಿಪೋರ್ಟಿನಲ್ಲಿ ಪ್ರತಿ ಭಾಗದಲ್ಲಿ ಎಷ್ಟು ಚೆನ್ನಾಗಿ ಮಾಡಿದಿರಿ ಅಂತ ತೋರಿಸುವ ಒಂದೊಂದು ಬಾರ್ ಇರುತ್ತದೆ. ಯಾವ ಬಾರ್ ಗಿಡ್ಡ ಅಂತ ನೋಡಿ, ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಉಚಿತವಾಗಿ ಸಿಗುವ ಅಭ್ಯಾಸ ಪರೀಕ್ಷೆಯನ್ನು ಹೊಸ ಪ್ರಶ್ನೆಗಳೊಂದಿಗೆ ಮತ್ತೆ ಮತ್ತೆ ಬರೆಯಿರಿ. ಅಲ್ಲಿ 80% ದಾಟುತ್ತಿಲ್ಲ ಅಂದರೆ ಬುಕ್ ಮಾಡಬೇಡಿ. ಇದು ನನ್ನ ಅಳತೆ, ಮೈಕ್ರೋಸಾಫ್ಟ್‌ನ ನಿಯಮ ಅಲ್ಲ.

ಗೂಗಲ್ ಕ್ಲೌಡ್: ಮೂರನೇ ಸಲ ಬೀಳಲೇಬೇಡಿ

ಕಾಯುವ ಅವಧಿಯಲ್ಲಿ ಅತಿ ಕಠಿಣ ಇದು. ಮೊದಲ ಸಲ ಫೇಲಾದರೆ 14 ದಿನ, ಎರಡನೇ ಸಲಕ್ಕೆ 60 ದಿನ, ಮೂರನೇ ಸಲಕ್ಕೆ 365 ದಿನ. ಕೂಡಿಸಿ ನೋಡಿ. ಒಂದೇ ಪರೀಕ್ಷೆಯನ್ನು ನಾಲ್ಕು ಸಲ ಬರೆಯಲು ಕನಿಷ್ಠ 439 ದಿನ ಬೇಕು. ಅಜೂರ್‌ನಲ್ಲಿ ಐದೂ ಪ್ರಯತ್ನ ಮುಗಿಸಲು ಒಂದೂವರೆ ತಿಂಗಳು ಸಾಕು. ಫೀಸು ಅಸೋಸಿಯೇಟ್‌ಗೆ 125 ಡಾಲರ್, ಪ್ರೊಫೆಷನಲ್‌ಗೆ 200, ತೆರಿಗೆ ಬೇರೆ. ಪ್ರತಿ ಸಲ ಪೂರ್ತಿ ಕಟ್ಟಬೇಕು. ಮನೆಯಿಂದ ಬರೆದರೂ ಸೆಂಟರ್‌ಗೆ ಹೋಗಿ ಬರೆದರೂ ಪ್ರಯತ್ನಗಳ ಎಣಿಕೆ ಒಂದೇ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಗೂಗಲ್ ಅಂಕ ಹೇಳುವುದಿಲ್ಲ. ಪಾಸ್ ಅಥವಾ ಫೇಲ್, ಅಷ್ಟೇ. ಒಂದು ಪ್ರಶ್ನೆಯಲ್ಲಿ ಸೋತಿರೋ ಇಪ್ಪತ್ತರಲ್ಲಿ ಸೋತಿರೋ ಗೊತ್ತಾಗದು. ಎಡಬ್ಲ್ಯೂಎಸ್, ಅಜೂರ್‌ನಲ್ಲಿ 14 ದಿನ ಸಾಕಾ ಬೇಡವಾ ಅಂತ ನಿರ್ಧರಿಸಲು ಅಂಕವೇ ಆಧಾರ ಆಗಿತ್ತಲ್ಲ, ಆ ಆಧಾರ ಇಲ್ಲಿಲ್ಲ. ಹಾಗಾಗಿ ಪರೀಕ್ಷೆ ಮುಗಿದು ಹೊರಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ಒಂದು ಕೆಲಸ ಮಾಡಿ. ಯಾವ ಯಾವ ವಿಷಯದಲ್ಲಿ ತಡವರಿಸಿದಿರಿ ಅಂತ ನಿಮಗಾಗಿ ಬರೆದಿಟ್ಟುಕೊಳ್ಳಿ: ಐಎಎಂ, ನೆಟ್‌ವರ್ಕ್, ಬಿಗ್‌ಕ್ವೆರಿ, ಹೀಗೆ ವಿಷಯದ ಹೆಸರು ಮಾತ್ರ. ಪ್ರಶ್ನೆಗಳನ್ನು ಬರೆದಿಟ್ಟು ಹಂಚಿದರೆ ಪರೀಕ್ಷೆಗೆ ಮುಂಚೆ ಒಪ್ಪಿದ ಗೌಪ್ಯತೆಯ ಷರತ್ತು ಮುರಿದಂತಾಗುತ್ತದೆ, ಸರ್ಟಿಫಿಕೇಟೇ ರದ್ದಾಗಬಹುದು.

ಗೂಗಲ್‌ನಲ್ಲಿ ನನ್ನ ಸಲಹೆ ಹೀಗೆ. ಎರಡನೇ ಪ್ರಯತ್ನವನ್ನು ಕೊನೆಯ ಪ್ರಯತ್ನ ಅಂದುಕೊಂಡೇ ತಯಾರಾಗಿ. 14ನೇ ದಿನಕ್ಕೆ ಓಡಬೇಡಿ. ಯಾಕೆ ಅಂತೀರಾ? 15ನೇ ದಿನ ಬರೆದು ಫೇಲಾದರೆ ಮತ್ತೆ 60 ದಿನ ಕಾಯಬೇಕು. ಬದಲಿಗೆ ಮೊದಲ ಸೋಲಿನ ನಂತರ ನೀವಾಗಿಯೇ ನಲವತ್ತು ದಿನ ತೆಗೆದುಕೊಂಡು ಓದಿ ಬರೆದರೆ, ಮೂರನೇ ಪ್ರಯತ್ನದ ಅಗತ್ಯವೇ ಬರದೆ ಹೋಗಬಹುದು. ಮೂರನೆಯದರಲ್ಲೂ ಹೋಯಿತೋ, ಒಂದು ವರ್ಷ. ಅಷ್ಟರಲ್ಲಿ ಪರೀಕ್ಷೆಯ ಸಿಲಬಸ್ಸೇ ಬದಲಾಗಿರುವ ಸಾಧ್ಯತೆ ಇದೆ, ಆಗ ಹಳೆಯ ನೋಟ್ಸ್ ಅರ್ಧ ಕೆಲಸಕ್ಕೆ ಬಾರದು.

ಇನ್ನೊಂದು ಇಮೇಲ್‌ನಲ್ಲಿ ಹೊಸ ಖಾತೆ ಮಾಡಿ ಬರೆದರಾಯಿತು ಅಂತ ಸಲಹೆ ಕೊಡುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಮಾಡಬೇಡಿ. ಹೆಸರು, ಗುರುತಿನ ಚೀಟಿ, ಫೋಟೋ ಎಲ್ಲ ಪರೀಕ್ಷೆಯ ದಿನ ದಾಖಲಾಗುತ್ತದೆ. ಕಾಯುವ ನಿಯಮ ತಪ್ಪಿಸಿದ್ದು ಗೊತ್ತಾದರೆ ಪಾಸಾಗಿದ್ದರೂ ರದ್ದು, ಮುಂದೆ ಬರೆಯಲೂ ಬಿಡದೆ ಇರಬಹುದು.

ಸಿಕೆಎ: ಬೆಲೆ ಜಾಸ್ತಿ, ಎರಡನೆಯದು ಒಳಗೇ ಇದೆ

ಲಿನಕ್ಸ್ ಫೌಂಡೇಶನ್ ನಡೆಸುವ ಸಿಕೆಎ ಪರೀಕ್ಷೆಗೆ 445 ಡಾಲರ್. ನೋಡಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಆದರೆ ಇದರಲ್ಲಿ ಎರಡು ಪ್ರಯತ್ನ ಸೇರಿದೆ. ಮೊದಲ ಸಲ ಫೇಲಾದರೆ ಎರಡನೆಯದು ಉಚಿತ. ಪ್ರಯತ್ನಕ್ಕೆ ಇಷ್ಟು ಅಂತ ಹಂಚಿದರೆ 222 ಡಾಲರ್ ಚಿಲ್ಲರೆ, ಅಂದರೆ ಗೂಗಲ್ ಪ್ರೊಫೆಷನಲ್‌ನ ಹತ್ತಿರಕ್ಕೆ ಬರುತ್ತದೆ. ಮೊದಲ ಸಲವೇ ಪಾಸಾದರೆ ಮಾತ್ರ ಇದು ದುಬಾರಿ.

ಈ ಪರೀಕ್ಷೆಗೆ ಎರಡನೇ ಅವಕಾಶ ಬೇರೆಯವಕ್ಕಿಂತ ಜಾಸ್ತಿ ಬೆಲೆ ಬಾಳುತ್ತದೆ. ಇಲ್ಲಿ ಆಯ್ಕೆ ಉತ್ತರಗಳಿಲ್ಲ. ಎರಡು ಗಂಟೆಯಲ್ಲಿ ನಿಜವಾದ ಕ್ಲಸ್ಟರ್‌ಗಳ ಮೇಲೆ ಕಮಾಂಡ್ ಹೊಡೆದು ಕೆಲಸ ಮಾಡಿ ತೋರಿಸಬೇಕು. ಪಾಸಾಗಲು 66% ಸಾಕು. ಮೊದಲ ಸಲ ಸೋಲುವವರಲ್ಲಿ ಬಹಳ ಮಂದಿಗೆ ಕುಬರ್ನೆಟೀಸ್ ಗೊತ್ತಿರುತ್ತದೆ. ಅವರನ್ನು ಸೋಲಿಸುವುದು ಆ ದೂರದ ಡೆಸ್ಕ್‌ಟಾಪ್, ನಿಧಾನದ ಪರದೆ, ಕಾಪಿ ಪೇಸ್ಟ್ ಕೀಲಿಗಳ ಗೊಂದಲ, ಒಂದೇ ಪ್ರಶ್ನೆಗೆ ಇಪ್ಪತ್ತು ನಿಮಿಷ ಸುರಿಯುವ ಹಠ. ಒಮ್ಮೆ ಆ ಪರಿಸರ ನೋಡಿ ಬಂದವರು ಎರಡನೇ ಸಲ ಅಲ್ಲೇ ಅಂಕ ಎತ್ತುತ್ತಾರೆ. ಫೀಸಿನ ಜೊತೆ killer.sh ಅನ್ನುವ ಅಭ್ಯಾಸ ಪರೀಕ್ಷೆಯ ಎರಡು ಸೆಷನ್ ಕೂಡ ಬರುತ್ತವೆ, ಒಂದೊಂದೂ 36 ಗಂಟೆ ತೆರೆದಿರುತ್ತದೆ. ಎರಡನ್ನೂ ಮೊದಲ ಪ್ರಯತ್ನಕ್ಕೇ ಖರ್ಚು ಮಾಡಬೇಡಿ, ಒಂದನ್ನು ಎರಡನೆಯದಕ್ಕೆ ಉಳಿಸಿ.

ಜನ ಎಡವುವುದು ಅವಧಿಯಲ್ಲಿ. ಪರೀಕ್ಷೆ ಮತ್ತು ಉಚಿತ ಮರುಪರೀಕ್ಷೆ, ಎರಡೂ ಕೊಂಡ ದಿನದಿಂದ 12 ತಿಂಗಳೊಳಗೆ ಮುಗಿಯಬೇಕು. ನವೆಂಬರ್ ಕೊನೆಯಲ್ಲಿ ಲಿನಕ್ಸ್ ಫೌಂಡೇಶನ್ ದೊಡ್ಡ ರಿಯಾಯಿತಿ ಬಿಡುವುದು ರೂಢಿ, ಆಗ ಎಲ್ಲರೂ ಕೊಂಡಿಡುತ್ತಾರೆ. ಆಮೇಲೆ ಪ್ರಾಜೆಕ್ಟು, ಮದುವೆ, ಹಬ್ಬ ಅಂತ ಮುಂದೂಡಿ ಮುಂದೂಡಿ ಮುಂದಿನ ನವೆಂಬರ್ ಎರಡನೇ ವಾರದಲ್ಲಿ ಮೊದಲ ಸಲ ಕೂರುತ್ತಾರೆ. ಫೇಲಾದರೆ ಉಚಿತ ಅವಕಾಶ ಕಾಗದದ ಮೇಲೆ ಇರುತ್ತದೆ, ಓದಲು ಉಳಿಯುವುದು ಎರಡು ವಾರ. ಕೊಂಡ ಒಂಬತ್ತನೇ ತಿಂಗಳೊಳಗೆ ಮೊದಲ ಪ್ರಯತ್ನ ಮುಗಿಸಿ. ಇನ್ನೊಂದು ಮಾತು, ಉಚಿತ ಅವಕಾಶ ಇರುವುದು ಬರೆದು ಫೇಲಾದವರಿಗೆ. ಬುಕ್ ಮಾಡಿ ಹಾಜರಾಗದೆ ಇದ್ದವರಿಗೆ ಅಲ್ಲ.

ಒಂದು ಲೆಕ್ಕ: ಮಾರ್ಚ್ 31ರ ಗಡುವು

ನಮ್ಮಲ್ಲಿ ಬಹಳ ಕಂಪನಿಗಳು ಪಾಸಾದರೆ ಮಾತ್ರ ಫೀಸು ವಾಪಸ್ ಕೊಡುತ್ತವೆ, ಅದೂ ಆ ಹಣಕಾಸು ವರ್ಷದೊಳಗೆ ಬಿಲ್ ಹಾಕಿದರೆ. ಮೈಸೂರಿನ ಒಬ್ಬ ಡೆವಲಪರ್ ಮಾರ್ಚ್ 5ಕ್ಕೆ ಮೊದಲ ಸಲ ಬರೆದು ಫೇಲಾದಳು ಅಂತ ಇಟ್ಟುಕೊಳ್ಳೋಣ. ಅವಳ ಕೈಯಲ್ಲಿ ಏನು ಉಳಿದಿದೆ?

ಅವಳು ಬರೆದದ್ದು ಅಜೂರ್ ಆದರೆ ಮಾರ್ಚ್ 6 ಅಥವಾ 7ಕ್ಕೇ ಎರಡನೆಯದು. ಅದೂ ಹೋದರೆ ಮಾರ್ಚ್ 20, 21ರ ಹೊತ್ತಿಗೆ ಮೂರನೆಯದು. ಗಡುವಿನೊಳಗೆ ಒಟ್ಟು ಮೂರು ಅವಕಾಶ, ಅಂಕವೂ ಅದೇ ದಿನ ಕೈಗೆ. ಎಡಬ್ಲ್ಯೂಎಸ್ ಆದರೆ ಮಾರ್ಚ್ 19, 20ಕ್ಕೆ ಎರಡನೆಯದು, ಮೂರನೆಯದು ಏಪ್ರಿಲ್‌ಗೆ ಜಾರುತ್ತದೆ. ಫಲಿತಾಂಶಕ್ಕೆ 5 ಕೆಲಸದ ದಿನ ಬೇಕಾಗಬಹುದು ಅಂತ ಹಿಡಿದರೆ ಮಾರ್ಚ್ 24ರ ಆಚೆ ಎರಡನೆಯದನ್ನು ಬುಕ್ ಮಾಡುವುದು ಅಪಾಯ. ಗೂಗಲ್ ಆದರೆ ಮಾರ್ಚ್ 19ರ ಸುಮಾರಿಗೆ ಎರಡನೆಯದು, ಅದು ಹೋದರೆ ಮೇ 18ರವರೆಗೆ ಏನೂ ಇಲ್ಲ, ಅದೂ ಹೋದರೆ ಮುಂದಿನ ವರ್ಷದ ಮೇ ತಿಂಗಳು. ಸಿಕೆಎ ಆದರೆ ಒಂದು ಅವಕಾಶ ಬಾಕಿ ಇದೆ, ದುಡ್ಡು ಆಗಲೇ ಕಟ್ಟಿಯಾಗಿದೆ, ಗಡುವಿನೊಳಗೆ ಸ್ಲಾಟ್ ಹಿಡಿಯುವುದೊಂದೇ ಕೆಲಸ.

ಈಗ ಲೆಕ್ಕವನ್ನು ಹಿಂದಿನಿಂದ ಹಾಕಿ. ಎಡಬ್ಲ್ಯೂಎಸ್‌ನಲ್ಲಿ ಕೊನೆಯ ಸುರಕ್ಷಿತ ದಿನ ಮಾರ್ಚ್ 24 ಅಂದರೆ, ಎರಡು ಅವಕಾಶ ಬೇಕಾದವರು ಮಾರ್ಚ್ 10ರೊಳಗೆ ಮೊದಲ ಸಲ ಬರೆಯಬೇಕು. ಮೂರು ಬೇಕಾದವರು ಫೆಬ್ರವರಿ 24ರೊಳಗೆ. ಇದಕ್ಕೆ ಇನ್ನೊಂದೆರಡು ದಿನ ಸೇರಿಸಿಕೊಳ್ಳಿ, ಯಾಕೆಂದರೆ ನಿಯಮ ಬಿಟ್ಟ ದಿನವೇ ಸೆಂಟರ್‌ನಲ್ಲಿ ಸೀಟು ಇರಬೇಕೆಂದೇನೂ ಇಲ್ಲ, ಶನಿವಾರದ ಸೀಟುಗಳು ಬೇಗ ತುಂಬುತ್ತವೆ. ಹಣದ ಕಡೆಯಿಂದ ನೋಡಿದರೆ, ಎರಡನೇ ಸಲ ಪಾಸಾದ ಎಡಬ್ಲ್ಯೂಎಸ್ ಅಭ್ಯರ್ಥಿಗೆ 32 ಸಾವಿರ ಖರ್ಚಾಗಿ, ಬಹಳ ಕಂಪನಿಗಳಲ್ಲಿ ವಾಪಸ್ ಬರುವುದು ಪಾಸಾದ ಸಲದ 16 ಸಾವಿರ ಮಾತ್ರ. ಸಿಕೆಎಯಲ್ಲಿ ಬಿಲ್ ಒಂದೇ. ಎರಡನೇ ಸಲ ಪಾಸಾದರೂ ಪೂರ್ತಿ 445ಕ್ಕೆ ಬಿಲ್ ಹಾಕಬಹುದು. ಎಚ್‌ಆರ್‌ಗೆ ಇದನ್ನು ಮೊದಲೇ ಮೇಲ್ ಮಾಡಿ ಕೇಳಿಟ್ಟುಕೊಳ್ಳಿ: ಫೇಲಾದ ಸಲದ ಫೀಸು ಕೊಡುತ್ತೀರಾ, ತೆರಿಗೆ ಸೇರಿಸಿ ಕೊಡುತ್ತೀರಾ, ಬಿಲ್‌ನ ತಾರೀಖು ಲೆಕ್ಕವೋ ಪಾಸಾದ ತಾರೀಖು ಲೆಕ್ಕವೋ.

ಕಂಪನಿಯೋ ಟ್ರೇನಿಂಗ್ ಸಂಸ್ಥೆಯೋ ಕೊಟ್ಟ ವೋಚರ್ ಇದ್ದರೆ ಇನ್ನೊಂದು ಗಡುವು ಸೇರುತ್ತದೆ. ಸಾಮಾನ್ಯವಾಗಿ ವೋಚರ್ ಮುಗಿಯುವ ದಿನದೊಳಗೆ ಪರೀಕ್ಷೆ ಬರೆದಿರಬೇಕು, ಬುಕ್ ಮಾಡಿದ್ದರೆ ಸಾಲದು. ಫೇಲಾದರೆ ಆ ವೋಚರ್ ಅಲ್ಲಿಗೇ ಮುಗಿಯಿತು, ಎರಡನೆಯದಕ್ಕೆ ಕೈಯಿಂದ ಹಾಕಬೇಕು. ಹಾಗಾಗಿ "ಉಚಿತ ವೋಚರ್ ಇದೆ, ಸುಮ್ನೆ ಒಂದು ಸಲ ಬರೆದು ನೋಡೋಣ" ಅನ್ನುವುದು ಅಜೂರ್‌ಗೆ ಪರವಾಗಿಲ್ಲ. ಗೂಗಲ್‌ಗೆ ಬೇಡವೇ ಬೇಡ, ಅಲ್ಲಿ ಸುಮ್ನೆ ಬರೆದ ಪ್ರಯತ್ನವೂ ಮೂರರಲ್ಲಿ ಒಂದಾಗಿ ಎಣಿಕೆಯಾಗುತ್ತದೆ.

ಫೇಲಲ್ಲದ ಫೇಲು

ಮನೆಯಿಂದ ಬರೆಯುವಾಗ ಕರೆಂಟ್ ಹೋಯಿತು, ನೆಟ್ ಕೈಕೊಟ್ಟಿತು, ಪರದೆ ಸ್ತಬ್ಧವಾಯಿತು. ಇದು ಫೇಲಾ? ಸುಮ್ಮನಿದ್ದರೆ ಹಾಗೇ ದಾಖಲಾಗಬಹುದು, ಫೀಸು ಹೋಗಿ ಕಾಯುವ ಅವಧಿಯೂ ಶುರುವಾಗಬಹುದು. ಅದೇ ದಿನ ಪರೀಕ್ಷೆ ನಡೆಸುವ ಸಂಸ್ಥೆಯ ಸಹಾಯವಾಣಿಗೆ ದೂರು ಕೊಟ್ಟು ಕೇಸ್ ನಂಬರ್ ತೆಗೆದುಕೊಳ್ಳಿ. ಎಷ್ಟು ಗಂಟೆಗೆ ಏನಾಯಿತು, ಯಾವ ಪ್ರಶ್ನೆಯಲ್ಲಿ ನಿಂತಿತು, ಮೇಲ್ವಿಚಾರಕರು ಚಾಟ್‌ನಲ್ಲಿ ಏನು ಹೇಳಿದರು ಅಂತ ಬರೆದಿಡಿ. ತಪ್ಪು ಅವರ ಕಡೆಯದು ಅಂತ ತೀರ್ಮಾನವಾದರೆ ಸಾಮಾನ್ಯವಾಗಿ ಮತ್ತೆ ಬರೆಯಲು ಬಿಡುತ್ತಾರೆ. ನಿಮ್ಮ ನೆಟ್ ಕೆಟ್ಟಿದ್ದರೆ ವಾದ ಕಷ್ಟ. ಮಳೆಗಾಲದಲ್ಲಿ ಮಲೆನಾಡಿನ ಮನೆಯಿಂದ ಬರೆಯುವವರಿಗೆ ನನ್ನ ಒಂದೇ ಮಾತು, ಶಿವಮೊಗ್ಗಕ್ಕೋ ಮಂಗಳೂರಿಗೋ ಬೆಂಗಳೂರಿಗೋ, ಹತ್ತಿರದ ಸೆಂಟರ್ ಎಲ್ಲಿ ತೋರಿಸುತ್ತದೋ ಅಲ್ಲಿಗೆ ಬಸ್ಸು ಹತ್ತಿ. ಬಸ್ಸಿನ ಟಿಕೆಟು ಮರುಪರೀಕ್ಷೆಯ ಫೀಸಿಗಿಂತ ಎಷ್ಟೋ ಕಡಿಮೆ.

ತಯಾರಿ ಸಾಲದು ಅನ್ನಿಸಿದರೆ ಫೇಲಾಗುವ ಬದಲು ದಿನ ಬದಲಿಸಿ. ಎಡಬ್ಲ್ಯೂಎಸ್ ಮತ್ತು ಮೈಕ್ರೋಸಾಫ್ಟ್‌ನಲ್ಲಿ 24 ಗಂಟೆ ಮುಂಚಿನವರೆಗೆ ಬದಲಿಸಬಹುದು. ಎಡಬ್ಲ್ಯೂಎಸ್‌ನಲ್ಲಿ ಒಂದು ಬುಕಿಂಗನ್ನು ಎರಡೇ ಸಲ ಮುಂದೂಡಬಹುದು, ಆಮೇಲೆ ರದ್ದು ಮಾಡಿ ಹೊಸದಾಗಿ ಬುಕ್ ಮಾಡಬೇಕು. 24 ಗಂಟೆಯೊಳಗೆ ಬಂದುಬಿಟ್ಟರೆ ದುಡ್ಡು ಹೇಗೂ ಹೋಯಿತು, ಆಗ ಅಜೂರ್ ಆಗಲಿ ಎಡಬ್ಲ್ಯೂಎಸ್ ಆಗಲಿ ಹೋಗಿ ಬರೆದು ಬನ್ನಿ, ರಿಪೋರ್ಟಾದರೂ ಸಿಗುತ್ತದೆ.

ಹಾಗಾದರೆ ಯಾವುದು?

ಕೆಲಸಕ್ಕೆ ಯಾವ ಕ್ಲೌಡ್ ಬೇಕೋ ಅದೇ ಮೊದಲು, ಅದರಲ್ಲಿ ಮಾತಿಲ್ಲ. ಎರಡರ ನಡುವೆ ತೂಗಾಡುತ್ತಿದ್ದರೆ ಮಾತ್ರ ಮರುಪರೀಕ್ಷೆಯ ನಿಯಮ ತಕ್ಕಡಿಗೆ ಹಾಕಿ. ಕೈಯಲ್ಲಿ ದುಡ್ಡು ಕಡಿಮೆ, ಗಡುವು ಹತ್ತಿರ, ಇದೇ ಮೊದಲ ಸರ್ಟಿಫಿಕೇಶನ್ ಅನ್ನುವವರಿಗೆ ಅಜೂರ್. ಅದರಲ್ಲಿ ಇನ್ನೊಂದು ಲಾಭವೂ ಇದೆ: ಅಸೋಸಿಯೇಟ್ ಸರ್ಟಿಫಿಕೇಟ್ ಒಂದೇ ವರ್ಷ ಬಾಳುತ್ತದೆ, ನಿಜ, ಆದರೆ ನವೀಕರಣದ ಪರೀಕ್ಷೆ ಉಚಿತ, ಮನೆಯಲ್ಲೇ ಬರೆಯಬಹುದು, ಮುಗಿಯುವ ಆರು ತಿಂಗಳು ಮುಂಚಿನಿಂದ ಫೇಲಾದಷ್ಟು ಸಲ ಮತ್ತೆ ಬರೆಯಬಹುದು. ಎಡಬ್ಲ್ಯೂಎಸ್ ಮೂರು ವರ್ಷ ಬಾಳುತ್ತದೆ. ನವೀಕರಣಕ್ಕೆ ಪರೀಕ್ಷೆಯನ್ನೇ ಮತ್ತೆ ಬರೆಯುವವರಿಗೆ ಮತ್ತೆ ಅದೇ ಫೀಸು, ಅದೇ 14 ದಿನ.

ಗಡುವು ಇಲ್ಲ, ನಿಧಾನಕ್ಕೆ ಓದುತ್ತೇನೆ, ಸಂಬಳದಲ್ಲಿ 16 ಸಾವಿರ ಎರಡು ಸಲ ಹೋದರೂ ತಡೆದುಕೊಳ್ಳುತ್ತೇನೆ ಅನ್ನುವವರಿಗೆ ಎಡಬ್ಲ್ಯೂಎಸ್ ತೊಂದರೆ ಕೊಡುವುದಿಲ್ಲ. ದಿನವೂ ಕುಬರ್ನೆಟೀಸ್ ಮೇಲೆ ಕೆಲಸ ಮಾಡುತ್ತಾ ಪರೀಕ್ಷೆಯ ಗಡಿಬಿಡಿಗೆ ಮಾತ್ರ ಹೆದರುವವರಿಗೆ ಸಿಕೆಎ ಬಹಳ ಚೆನ್ನಾಗಿ ಹೊಂದುತ್ತದೆ. ಗೂಗಲನ್ನು ಅಭ್ಯಾಸ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡುತ್ತಿರುವವರು ಮಾತ್ರ ಬರೆಯಲಿ.

ಈ ನಾಲ್ಕರ ಹೊರಗಿನವರಿಗೂ ಬೇಗ ಹೇಳಿಬಿಡುತ್ತೇನೆ. ಸಿಸ್ಕೋದ ಸಿಸಿಎನ್‌ಎಗೆ 5 ದಿನ ಕಾದರೆ ಸಾಕು. ಕಾಂಪ್‌ಟಿಯಾದಲ್ಲಿ ಮೊದಲ ಮತ್ತು ಎರಡನೇ ಸಲದ ನಡುವೆ ಕಾಯುವುದೇ ಬೇಡ, ಮೂರನೆಯದರಿಂದ 14 ದಿನ. ಸಿಐಎಸ್‌ಎಸ್‌ಪಿ ಬರೆಯುವವರಿಗೆ 30, 60, 90 ದಿನ ಅಂತ ಏರುತ್ತಾ ಹೋಗುತ್ತದೆ, ವರ್ಷಕ್ಕೆ ನಾಲ್ಕೇ ಸಲ. ಪಿಎಂಪಿಯಲ್ಲಿ ಅರ್ಜಿ ಒಪ್ಪಿಗೆಯಾದ ಒಂದು ವರ್ಷದೊಳಗೆ ಮೂರು ಸಲ ಬರೆಯಬಹುದು, ಮೂರೂ ಹೋದರೆ ಕೊನೆಯ ಪರೀಕ್ಷೆಯಿಂದ ಒಂದು ವರ್ಷ ಕಾಯಬೇಕು. ಅಲ್ಲಿ ಮರುಪರೀಕ್ಷೆಯ ಫೀಸು ಮೊದಲ ಸಲಕ್ಕಿಂತ ಕಡಿಮೆ, ಅದನ್ನು ನಡೆಸುವ ಪಿಎಂಐ ಸಂಸ್ಥೆಯ ಸದಸ್ಯರಾದರೆ ಇನ್ನೂ ಕಡಿಮೆ, ಹಾಗಾಗಿ ಸದಸ್ಯತ್ವದ ದುಡ್ಡು ಉಳಿಸಲು ಹೊರಟವರು ಎರಡು ಪ್ರಯತ್ನದ ಲೆಕ್ಕ ಹಾಕಿ ನೋಡಿ ನಿರ್ಧರಿಸಿ.